ಕಂಪನಿ ಕಟ್ಟಿದ ರೊಕ್ಕ ಯಾರ ತಲೆಗೆ?

ತಮ್ಮಾ, ಹೊಸ ಟ್ರ್ಯಾಕ್ಟರ್ ತಂದಿ, ಪೂಜೆ ಮಾಡಿಸಿದಿ, ಛಲೋ ಆತು. ಇನ್ಶೂರೆನ್ಸ್ ಬಾಂಡ್ ಓದಿಯೇನು ಎಂದು ಕೇಳಿದರೆ, "ಅದೆಲ್ಲಾ ಐತಿ ಕಾಕಾ, ಏನರ ಆದ್ರ ಕಂಪನಿಯವ್ರು ನೋಡ್ಕೋತಾರ" ಅಂದಿ. ಗದಗ ಕೋರ್ಟಿನಲ್ಲಿ ವಕೀಲರ ಕಡತ ಹೊತ್ತೇ ತಲೆ ಬೆಳ್ಳಗಾದವನು ನಾನು. ಇದೇ ಮಾತನ್ನು ಆಡಿದವರು ಆಮೇಲೆ ಉತಾರ ಹಿಡಿದುಕೊಂಡು ವಕೀಲರ ಮನೆ ಬಾಗಿಲಿಗೆ ಬಂದದ್ದನ್ನು ಕಂಡಿದ್ದೇನೆ. ಅದಕ್ಕೇ ಬೇಸರಿಸದೆ ಕೇಳು.

ಥರ್ಡ್ ಪಾರ್ಟಿ ವಿಮೆ ಇರುವುದು ನಿನಗಾಗಿ ಅಲ್ಲ. ನಿನ್ನ ಗಾಡಿ ಬಡಿದು ಸತ್ತವನ ಹೆಂಡತಿ-ಮಕ್ಕಳಿಗಾಗಿ, ಕಾಲು ಮುರಿದುಕೊಂಡವನಿಗಾಗಿ. ಮಾಲೀಕನ ಕೈಯಲ್ಲಿ ಕಾಸಿಲ್ಲ ಎಂದು ಅವರ ಪರಿಹಾರ ನಿಲ್ಲಬಾರದು. 1988ರ ಮೋಟಾರು ವಾಹನ ಕಾಯ್ದೆ ಈ ವಿಮೆಯನ್ನು ಕಡ್ಡಾಯ ಮಾಡಿದ್ದು ಅದಕ್ಕೇ. ಕಂಪನಿ ಇಲ್ಲಿ ನಿನಗೆ ಜಾಮೀನು ನಿಂತ ಸಾಹುಕಾರನಿದ್ದಂತೆ. ಬಾಂಡಿನ ಷರತ್ತನ್ನು ನೀನು ಪಾಲಿಸಿದ್ದರೆ ಅವನು ಕಟ್ಟುತ್ತಾನೆ, ಮಾತು ಅಲ್ಲಿಗೆ ಮುಗಿಯುತ್ತದೆ. ಮುರಿದಿದ್ದರೆ, ಮೊದಲು ಅವರಿಗೆ ಕಟ್ಟಿ, ಆಮೇಲೆ ನಿನ್ನ ಕೊರಳಪಟ್ಟಿ ಹಿಡಿಯುತ್ತಾನೆ. ಕೋರ್ಟಿನ ಪಡಸಾಲೆಯಲ್ಲಿ ಇದಕ್ಕೆ ‘ಪೇ ಅಂಡ್ ರಿಕವರ್’ ಎನ್ನುತ್ತಾರೆ.

ಯಾವ ಷರತ್ತು? ಕಾಯ್ದೆಯ 150ನೇ ಕಲಂ, 2022ರ ಏಪ್ರಿಲ್‌ಗಿಂತ ಹಿಂದಿನ ಅಪಘಾತಗಳಿಗೆ ಹಳೆಯ 149, ಅವನ್ನು ಹೇಳುತ್ತದೆ. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದ್ದು, ಕುಡಿದು ಓಡಿಸಿದ್ದು, ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟದ್ದು. ಕುಡಿತದ ಮಾತು ಹೊಸ ಕಲಮಿನಲ್ಲಿ ಬಂದು ಸೇರಿತು. ನಮ್ಮ ಕಡೆ ಹೆಚ್ಚು ಮನೆ ಹಾಳು ಮಾಡುವುದು ಲೈಸೆನ್ಸಿನದು. ಅದನ್ನೇ ಹಿಡಿದು ಮಾತಾಡೋಣ.

ಒಂದು ಲೆಕ್ಕ ಹಾಕೋಣ, ನಡೆದದ್ದಲ್ಲ, ನಡೆಯಬಹುದಾದದ್ದು. ಹೆಸರು ಬಿಡಿಸುವ ಸುಗ್ಗಿ. ಚೀಲ ತುಂಬಿದ ಟ್ರಾಲಿ ಹೊಂಬಳದಿಂದ ಗದಗ ಎಪಿಎಂಸಿಗೆ ಹೊರಟಿದೆ. ಓಡಿಸುತ್ತಿರುವವನು ನಿನ್ನ ತಮ್ಮ. ಅವನ ಜೇಬಿನಲ್ಲಿ ಲೈಸೆನ್ಸ್ ಇದೆ, ಆದರೆ ಬೈಕಿನದು ಮಾತ್ರ. ಕತ್ತಲಾಗುವ ಹೊತ್ತಿಗೆ ಎದುರಿಗೆ ಬಂದ ಸೈಕಲ್ ಸವಾರನಿಗೆ ಗಾಡಿ ಬಡಿದು ಅವನು ತೀರಿಕೊಂಡ. ಅವನಿಗೆ 34 ವರ್ಷ, ಗಾರೆ ಕೆಲಸ, ತಿಂಗಳಿಗೆ 12,000 ರೂಪಾಯಿ ದುಡಿಮೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ.

ಸುಪ್ರೀಂ ಕೋರ್ಟು 2009 ಮತ್ತು 2017ರಲ್ಲಿ ಹಾಕಿಕೊಟ್ಟ ಸೂತ್ರ ಎಲ್ಲ ನ್ಯಾಯಾಧಿಕರಣಗಳಿಗೂ ಒಂದೇ. ಸ್ವಂತ ದುಡಿಮೆಯವನು, 40ರ ಒಳಗಿನವನು, ಆದ್ದರಿಂದ ಮುಂದಿನ ಏಳಿಗೆಗೆಂದು 40 ಪರ್ಸೆಂಟ್ ಸೇರಿಸಿದರೆ 16,800. ನಾಲ್ಕು ಮಂದಿ ಅವಲಂಬಿತರು, ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 12,600. ವರ್ಷಕ್ಕೆ 1,51,200. ಅವನ ವಯಸ್ಸಿಗೆ ಗುಣಕ 16. ಅಲ್ಲಿಗೆ 24,19,200. ಶವಸಂಸ್ಕಾರ, ಆಸ್ತಿ ನಷ್ಟ, ಮನೆಯವರು ಕಳೆದುಕೊಂಡ ಒಡನಾಟ ಎಂದು ಇನ್ನೂ ಎರಡು ಲಕ್ಷಕ್ಕೂ ಹೆಚ್ಚು ಸೇರುತ್ತದೆ, ಒಟ್ಟು ಸುಮಾರು 26 ಲಕ್ಷ 49 ಸಾವಿರ. ಕೇಸು ಹಾಕಿದ ದಿನದಿಂದ 6 ಪರ್ಸೆಂಟ್ ಬಡ್ಡಿ ಹಾಕಿದರೂ ಎರಡು ವರ್ಷಕ್ಕೆ ಸುಮಾರು 29 ಲಕ್ಷ 67 ಸಾವಿರ. ಎರಿ ಹೊಲ ಎಷ್ಟು ಎಕರೆ ಮಾರಬೇಕು, ನೀನೇ ಎಣಿಸಿಕೋ.

ಬಾಂಡ್ ಚಾಲ್ತಿಯಲ್ಲಿದೆ, ಆದ್ದರಿಂದ ಆ ಹೆಣ್ಣುಮಗಳಿಗೆ ಕಂಪನಿ ಕಟ್ಟಲೇಬೇಕು. ಓಡಿಸಿದವನಿಗೆ ಲೈಸೆನ್ಸ್ ಇರಲಿಲ್ಲ ಎಂಬ ನೆಪದಿಂದ ಅವಳ ಕೈ ಬರಿದಾಗಬಾರದು, ಕಂಪನಿ ಕಟ್ಟಿ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂಬುದನ್ನು ನಮ್ಮ ಹೈಕೋರ್ಟಿನ ಪೂರ್ಣ ಪೀಠ 2020ರ ಮೇ ತಿಂಗಳಲ್ಲಿ ಗಟ್ಟಿ ಮಾಡಿತು. ಈಗ ಉಳಿದದ್ದು ಕಂಪನಿ ಮತ್ತು ನಿನ್ನ ನಡುವಿನ ವ್ಯವಹಾರ.

ಟ್ರ್ಯಾಕ್ಟರ್ ಕಾಯ್ದೆಯ ಪ್ರಕಾರ ಲಘು ವಾಹನ. ಬರಿ ಇಂಜಿನ್ನಿನ ತೂಕ 7,500 ಕೆ.ಜಿ. ಮೀರದಿದ್ದರೆ ಎಲ್‌ಎಂವಿ ಲೈಸೆನ್ಸ್ ಸಾಕು. ಹಿಂದೆ ಟ್ರಾಲಿ ಕಟ್ಟಿದೊಡನೆ ಆ ಲೈಸೆನ್ಸ್ ಕೆಲಸಕ್ಕೆ ಬಾರದಂತೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2001ರಲ್ಲೇ, ಅದೂ ನಮ್ಮ ಕರ್ನಾಟಕದ ಒಂದು ಕೇಸಿನಲ್ಲಿ, ಹೇಳಿದೆ. ಸಣ್ಣ ಸರಕು ಗಾಡಿಗೂ ಇದೇ ಮಾತು ಎಂದು 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಖಚಿತ ಮಾಡಿತು. ಆದರೆ ಬೈಕಿನ ಲೈಸೆನ್ಸು ಟ್ರ್ಯಾಕ್ಟರಿಗೆ ಇಲ್ಲದ್ದಕ್ಕೇ ಸಮ. ನಿನ್ನ ತಮ್ಮನ ಜೇಬಿನಲ್ಲಿದ್ದದ್ದು ಬರಿ ಕಾರ್ಡು.

ಲೈಸೆನ್ಸ್ ಇಲ್ಲ ಎಂದ ಮಾತ್ರಕ್ಕೆ ವಸೂಲಿ ಆಗಿಯೇ ಬಿಡುತ್ತದೆಯೇ? ಇಲ್ಲ. ಇದನ್ನು ಕಿವಿಯಲ್ಲಿ ಇಟ್ಟುಕೊ. 2004ರ ಸ್ವರಣ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು: ಷರತ್ತು ಮುರಿದಿದ್ದು ಮಾಲೀಕನೇ, ಗೊತ್ತಿದ್ದೋ ಬೇಜವಾಬ್ದಾರಿಯಿಂದಲೋ ಮುರಿದ ಎಂಬುದನ್ನು ಕಂಪನಿ ಸಾಬೀತು ಮಾಡಬೇಕು. ಸಂಬಳದ ಡ್ರೈವರ್ ಲೈಸೆನ್ಸ್ ತೋರಿಸಿದ, ನೋಡಲು ಸರಿಯಾಗಿತ್ತು, ಓಡಿಸಲಿಕ್ಕೂ ಬರುತ್ತಿತ್ತು, ಆಮೇಲೆ ಅದು ನಕಲಿ ಎಂದು ಬೆಳಕಿಗೆ ಬಂತು ಅಂದರೆ ಮಾಲೀಕನ ತಪ್ಪಿಲ್ಲ. ಪ್ರತಿಯೊಂದು ಲೈಸೆನ್ಸನ್ನೂ ಆರ್‌ಟಿಓಗೆ ಒಯ್ದು ಪರೀಕ್ಷಿಸು ಎಂದು ಕಾನೂನು ಹೇಳಿಲ್ಲ. ಆದರೆ ಒಡಹುಟ್ಟಿದ ತಮ್ಮನ ಲೈಸೆನ್ಸ್ ಯಾವುದು ಎಂಬುದು ನನಗೆ ಗೊತ್ತಿರಲಿಲ್ಲ ಎಂದರೆ ಯಾವ ನ್ಯಾಯಾಧೀಶರು ನಂಬುತ್ತಾರೆ?

ಈಗ ಕೋರ್ಟಿನಲ್ಲಿ ಏನಾಗುತ್ತದೆ ಎಂಬುದನ್ನು ಕೇಳು, ಏಕೆಂದರೆ ಗೆಲ್ಲಬಹುದಾಗಿದ್ದ ಮಾಲೀಕರೂ ಸೋಲುವುದು ಇಲ್ಲಿ. ಪೊಲೀಸರು ಚಾರ್ಜ್‌ಶೀಟು ಹಾಕುವಾಗ ಓಡಿಸಿದವನ ಮೇಲೆ ಕಲಂ 3 ಮತ್ತು 181, ನಿನ್ನ ಮೇಲೆ ಕಲಂ 5 ಮತ್ತು 180 ಸೇರಿಸುತ್ತಾರೆ. ಅದಕ್ಕೆ ದಂಡ 5,000 ರೂಪಾಯಿ. "ತಪ್ಪಾಗೇತಿ ಸಾಹೇಬ್ರ" ಎಂದು ಒಪ್ಪಿಕೊಂಡು, ದಂಡ ಕಟ್ಟಿ, ಹಗುರಾಗಿ ಮನೆಗೆ ಬರುತ್ತಾರೆ ಜನ. ಕಂಪನಿಯ ವಕೀಲರು ಆ ಹಾಳೆಯ ನಕಲು ಪಡೆದು ಎಂವಿಸಿ ಕೇಸಿನಲ್ಲಿ ಹಾಜರು ಮಾಡುತ್ತಾರೆ. ಲೈಸೆನ್ಸ್ ಇಲ್ಲದವನಿಗೆ ಗೊತ್ತಿದ್ದೇ ಗಾಡಿ ಕೊಟ್ಟೆ ಎಂದು ನೀನೇ ಒಪ್ಪಿದಂತಾಯಿತಲ್ಲ. ಐದು ಸಾವಿರದ ರಸೀದಿಯೇ 29 ಲಕ್ಷದ ಸಾಕ್ಷಿ. ತಪ್ಪು ಮಾಡಿಲ್ಲದಿದ್ದರೆ, ಓಡಾಟದ ಬೇಸರಕ್ಕೆ ಒಪ್ಪಿಕೊಳ್ಳಬೇಡ; ಮೊದಲು ವಕೀಲರನ್ನು ಕೇಳು.

ಎರಡನೆಯದು ಸಮನ್ಸು. ನ್ಯಾಯಾಧಿಕರಣದಿಂದ ಬಂದ ಸಮನ್ಸಿಗೆ "ಕಂಪನಿ ಐತಲ್ಲ" ಎಂದು ಸುಮ್ಮನಾದರೆ ನಿನ್ನನ್ನು ಎಕ್ಸ್‌ಪಾರ್ಟಿ ಮಾಡುತ್ತಾರೆ. ಕಂಪನಿಯವರು ಲೈಸೆನ್ಸ್ ಹಾಜರು ಮಾಡು ಎಂದು ನಿನಗೆ ನೋಟಿಸು ಕಳಿಸುತ್ತಾರೆ, ಆರ್‌ಟಿಓದವರನ್ನು ಸಾಕ್ಷಿಗೆ ಕರೆಸುತ್ತಾರೆ. ನಿನ್ನ ಕಡೆಯಿಂದ ಉತ್ತರವಿಲ್ಲ. ಡ್ರೈವರನ ಲೈಸೆನ್ಸ್ ನೋಡಿಯೇ ಇಟ್ಟುಕೊಂಡೆ ಎಂದು ಕಟಕಟೆ ಏರಿ ಹೇಳಬೇಕಾದವನು ನೀನೊಬ್ಬನೇ, ನೀನೇ ಇಲ್ಲ. ವಸೂಲಿಯ ಹಕ್ಕು ಕಂಪನಿಗೆ ಸಲೀಸಾಗಿ ಸಿಗುತ್ತದೆ. ಡ್ರೈವರನ್ನು ಇಟ್ಟುಕೊಳ್ಳುವ ದಿನವೇ ಅವನ ಲೈಸೆನ್ಸಿನ ಎರಡೂ ಬದಿಯ ಝೆರಾಕ್ಸ್ ತೆಗೆದು, ಯಾವ ವರ್ಗದ್ದು, ಯಾವಾಗ ಮುಗಿಯುತ್ತದೆ ಎಂದು ನೋಡಿ ಬಾಂಡಿನ ಜೊತೆ ಇಡು. ಅವಧಿ ಮುಗಿದ ಮೇಲೂ ಮೂವತ್ತು ದಿನ ನಡೆಯುತ್ತದೆ ಎಂಬ ಹಳೆಯ ರಿಯಾಯಿತಿ 2019ರ ತಿದ್ದುಪಡಿಯಲ್ಲಿ ಹೋಯಿತು, ಅದನ್ನು ನಂಬಿ ಕೂಡಬೇಡ.

ಇನ್ನೊಂದು ಚಟ ನಮ್ಮ ಕಡೆ ಇದೆ. ಲೈಸೆನ್ಸ್ ಇರುವ ಯಾರನ್ನೋ ಠಾಣೆಗೆ ಕರೆದೊಯ್ದು "ಇವನೇ ಓಡಿಸಿದ್ದು" ಎನ್ನುವುದು. ಹಿರಿಯರೇ ಈ ಬುದ್ಧಿ ಹೇಳುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ಕಂಪನಿಯ ತನಿಖೆಯವರು ಆಸ್ಪತ್ರೆಯ ಎಂಎಲ್‌ಸಿ ದಾಖಲೆ, ಫಿರ್ಯಾದಿಯ ಮೊದಲ ಹೇಳಿಕೆ, ಫೋನಿನ ಲೊಕೇಶನ್ ಎಲ್ಲ ತೆಗೆಯುತ್ತಾರೆ. ಸಿಕ್ಕಿಬಿದ್ದರೆ ವಸೂಲಿಯ ಜೊತೆಗೆ ಇನ್ನೊಂದು ಕ್ರಿಮಿನಲ್ ಕೇಸು.

ವಸೂಲಿ ಹೇಗೆ ಬರುತ್ತದೆ? ಕಂಪನಿ ಬೇರೆ ದಾವೆ ಹೂಡಬೇಕಾಗಿಲ್ಲ. 2004ರ ಇನ್ನೊಂದು ತೀರ್ಪಿನಂತೆ ಅದೇ ಕೋರ್ಟಿನಲ್ಲಿ ಅಮಲ್‌ಜಾರಿ ಅರ್ಜಿ ಹಾಕಿದರೆ ಸಾಕು. ರೊಕ್ಕ ಬಿಡುಗಡೆಗೆ ಮುಂಚೆ ಭದ್ರತೆ ಕೊಡು ಎಂದು ನಿನಗೆ ನೋಟಿಸು ಬರಬಹುದು, ಟ್ರ್ಯಾಕ್ಟರನ್ನೇ ಜಪ್ತಿ ಮಾಡಿಸಬಹುದು. ಗಾಡಿಯ ಬೆಲೆ ಸಾಲದಿದ್ದರೆ ಮುಂದಿನದು ಹೊಲ.

ಇಷ್ಟು ಹೊತ್ತು ಹೇಳಿದ್ದು ರಸ್ತೆಯಲ್ಲಿದ್ದವನ ಕಥೆ. ಗಾಡಿಯ ಮೇಲೆ ಕುಳಿತವನದು ಇನ್ನೂ ಕಠಿಣ. ಟ್ರ್ಯಾಕ್ಟರಿಗೆ ಇರುವುದು ಒಂದೇ ಸೀಟು, ಡ್ರೈವರನದು. ಮಡ್‌ಗಾರ್ಡಿನ ಮೇಲೆ ಕುಳಿತ ಗೆಳೆಯ ಬಿದ್ದರೆ ಅವನು ಕಾನೂನಿನ ಕಣ್ಣಿಗೆ ಥರ್ಡ್ ಪಾರ್ಟಿ ಅಲ್ಲ, ಪೂರಾ ಹೊಣೆ ನೇರವಾಗಿ ನಿನ್ನ ಮೇಲೆಯೇ ಬರುವುದು ಹೆಚ್ಚು. ಟ್ರಾಲಿಗೆ ಬೇರೆ ನೋಂದಣಿ, ಬೇರೆ ಪ್ರೀಮಿಯಂ. ಬೇಸಾಯಕ್ಕೆಂದು ವಿಮೆ ಮಾಡಿಸಿ, ವಿಮೆಯಿಲ್ಲದ ಟ್ರಾಲಿಯಲ್ಲಿ ಇಟ್ಟಂಗಿಭಟ್ಟಿಗೆ ಮಣ್ಣು ಹೊಡೆಯುವಾಗ ಕೂಲಿಯವನು ಗಾಯಗೊಂಡ ಕೇಸೊಂದು 2007ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕಂಪನಿ ಹೊಣೆಯಲ್ಲ ಎಂದೇ ಕೋರ್ಟು ತೀರ್ಮಾನಿಸಿತು. ಬಡಕೂಲಿಯ ಮೇಲಿನ ಕನಿಕರದಿಂದ ಸಂವಿಧಾನದ 142ನೇ ವಿಧಿಯ ತನ್ನ ವಿಶೇಷ ಅಧಿಕಾರ ಬಳಸಿ ‘ಕಟ್ಟಿ ವಸೂಲಿ ಮಾಡಿಕೊ’ ಎಂದಿತು. ಆ ಅಧಿಕಾರ ಗದಗಿನ ನ್ಯಾಯಾಧಿಕರಣಕ್ಕಿಲ್ಲ. ಮಾಲೀಕ ಮಾತ್ರ ಎರಡೂ ದಾರಿಯಲ್ಲಿ ಪಾರಾಗಲಿಲ್ಲ ಎಂಬುದನ್ನು ಗಮನಿಸು. ಆಳುಗಳನ್ನು ಟ್ರಾಲಿಯಲ್ಲಿ ತುಂಬಿಕೊಂಡು ಹೊಲಕ್ಕೆ ಹೋಗುವ ರೂಢಿ ಊರಿಗೆಲ್ಲ ಇದೆ, ನಿನ್ನೊಬ್ಬನಿಂದ ನಿಲ್ಲುವುದಿಲ್ಲ. ಬಾಂಡ್ ಮಾಡಿಸುವಾಗ ಟ್ರಾಲಿಯ ನಂಬರು ಸೇರಿದೆಯೇ, ಕೂಲಿಗಳಿಗೆ ಎಷ್ಟು ಮಂದಿಗೆ ಪ್ರೀಮಿಯಂ ಕಟ್ಟಿದ್ದೇನೆ ಎಂಬುದನ್ನಾದರೂ ಓದಿಕೊ. ಏಜೆಂಟನ ಬಾಯಿಮಾತು ಬೇಡ, ಕಾಗದದಲ್ಲಿ ಕಾಣಬೇಕು.

ಕಡೆಗೆ ನಿನ್ನ ಹಳೆಯ ಟ್ರ್ಯಾಕ್ಟರಿನ ಮಾತು. ಅದನ್ನು ಮುಂಡರಗಿ ಕಡೆಯವರಿಗೆ ಮಾರಿ ರೊಕ್ಕ ಎಣಿಸಿಕೊಂಡಿದ್ದಿ, ಆರ್‌ಸಿ ಇನ್ನೂ ನಿನ್ನ ಹೆಸರಲ್ಲೇ ಇದೆ. ಗಾಡಿ ಯಾರ ಮನೆಯ ಮುಂದೆ ನಿಂತಿದ್ದರೂ ಆರ್‌ಟಿಓ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಕೊಂಡವನು ವಿಮೆ ಕಟ್ಟದೆ ಬಿಟ್ಟು, ಅಲ್ಲೆಲ್ಲೋ ಯಾರಿಗಾದರೂ ಬಡಿದರೆ ಸಮನ್ಸು ಹೊಂಬಳಕ್ಕೆ ಬರುತ್ತದೆ. ಈ ವಾರವೇ ಅವನನ್ನು ಕರೆದುಕೊಂಡು ಗದಗ ಆರ್‌ಟಿಓಗೆ ಹೋಗಿ ಫಾರ್ಮ್ 29, 30 ತುಂಬಿ ಹೆಸರು ಬದಲಿಸು. ಬರಲು ಸತಾಯಿಸಿದರೆ, ಮಾರಿದ ತಾರೀಕು, ಅವನ ಹೆಸರು-ವಿಳಾಸ ಬರೆದು ನೀನೊಬ್ಬನೇ ಫಾರ್ಮ್ 29 ಕೊಟ್ಟು, ಸ್ವೀಕೃತಿಯ ಮೇಲೆ ಮುದ್ರೆ ಹಾಕಿಸಿಕೊಂಡು ಬಾ. ಅದರಿಂದ ಪೂರಾ ಪಾರಾಗುವುದಿಲ್ಲ, ಹೆಸರು ಬದಲಾಗುವ ತನಕ ಅವನ ಬೆನ್ನು ಬಿಡಬೇಡ.