ಕಿಟಕಿಗೆ ಧೋತರ ಕಟ್ಟು, ತಮ್ಮಾ

ತಮ್ಮಾ, ಮಾನ್ವಿಯ ಅಜ್ಜನ ಮಾತು ರೆಕಾರ್ಡ್ ಮಾಡಿ ಕಳಿಸಿದ್ದೆಯಲ್ಲ, ಎರಡು ಸಲ ಕೂತು ನೋಡಿದೆ. ಜಗನ್ನಾಥದಾಸರ ಊರಿನ ಅಜ್ಜ, ಪದ ಹೇಳುವಾಗ ದನಿ ಎಷ್ಟು ಚೆಂದ ಏರುತ್ತದೆ! ಆದರೆ ಒಂದು ಕೆನ್ನೆ ಸುಣ್ಣ ಬಳಿದಂಗೆ ಬೆಳ್ಳಗಿದೆ, ಇನ್ನೊಂದು ಕೆನ್ನೆ ಕಾಣುವುದೇ ಇಲ್ಲ. “ಕಾಕಾ, ಬಲ್ಬ್ ಸಾಲಲಿಲ್ಲ, ದೊಡ್ಡದು ತರಬೇಕು” ಅಂತ ಬರೆದಿದ್ದೀ. ತರಬೇಡ. ಮುಂದಿನ ವಾರ ದೇವದುರ್ಗಕ್ಕೆ ಹೋಗುತ್ತೀಯಲ್ಲ, ನಿನ್ನ ಹತ್ತಿರ ಇರುವ ಎರಡು ದೀಪವೇ ಸಾಕು. ಜೊತೆಗೊಂದು ಬಿಳಿ ಧೋತರ ಒಯ್ಯಿ.

ನಿನ್ನ ತಪ್ಪು ಎಲ್ಲಿದೆ ಗೊತ್ತೇನು? ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬನ್ನು ಕಿಟಕಿಯ ಎದುರು ಕುಸ್ತಿಗೆ ಬಿಟ್ಟಿದ್ದೀ. ರಾಯಚೂರಿನ ಬಿಸಿಲಿಗೆ ತೆರೆದ ಕಿಟಕಿಯ ಮುಂದೆ ಆ ಬಲ್ಬು ಹಗಲು ಹಚ್ಚಿದ ಪಣತಿ. ಬಲ್ಬಿನ ಬಲ ಹೆಚ್ಚಿಸಲು ಹೊರಟರೆ ಮುಗಿಯುವುದಿಲ್ಲ. ಕಿಟಕಿಯ ಬಲವನ್ನು ತಗ್ಗಿಸಬೇಕು. ಕಿಟಕಿಗೆ ಧೋತರವನ್ನು ಒಂದು ಮಡಿಕೆ ಕಟ್ಟು, ಸಾಲದಿದ್ದರೆ ಎರಡು ಮಡಿಕೆ. ಆಮೇಲೆ ಅದೇ ಬಲ್ಬು ಹಚ್ಚಿ ಆರಿಸಿ ನೋಡು, ಮುಖದ ಮೇಲೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಧೋತರದಿಂದ ಇನ್ನೊಂದು ಲಾಭ: ಸರಳಿನ ನೆರಳು ಮುಖದ ಮೇಲೆ ಗೆರೆ ಹಾಕುವುದಿಲ್ಲ. ಬಟ್ಟೆಯೇ ದೊಡ್ಡ ದೀಪವಾಗುತ್ತದೆ, ಮೂಗಿನ ನೆರಳಿನ ಅಂಚು ಮೆತ್ತಗಾಗುತ್ತದೆ.

ಈಗ ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ ಅಂತಿಟ್ಟುಕೋ, ನಮ್ಮ ಕಡೆಯ ಪಡಸಾಲೆ ಅದಕ್ಕಿಂತ ದೊಡ್ಡದಿರುವುದು ಕಮ್ಮಿ. ಹೋದ ಕೂಡಲೇ ಟ್ಯೂಬ್‌ಲೈಟ್ ಸಹಿತ ಎಲ್ಲ ದೀಪ ಆರಿಸು. ಮಾತಾಡುವವರನ್ನು ಕಿಟಕಿಯಿಂದ ನಾಲ್ಕು ಅಡಿ ದೂರ ಕೂಡಿಸು. ಕಿಟಕಿ ಅವರ ಬೆನ್ನಿಗೂ ಬೇಡ, ನೇರ ಎದುರಿಗೂ ಬೇಡ, ಕ್ಯಾಮೆರಾದ ಎಡಗಡೆ ಓರೆಯಾಗಿ ಮುಂದೆ ಬರಲಿ. ಬೆನ್ನು ಗೋಡೆಗೆ ತಾಗದಿರಲಿ, ಕನಿಷ್ಠ ಮೂರು ಅಡಿ ಬಿಡು. ನೀನು ಕ್ಯಾಮೆರಾಕ್ಕೂ ಕಿಟಕಿಗೂ ನಡುವೆ ಕೂತು ಪ್ರಶ್ನೆ ಕೇಳು. ಆಗ ಅವರು ನಿನ್ನ ಕಡೆ, ಅಂದರೆ ಕಿಟಕಿಯ ಕಡೆ ಮುಖ ಮಾಡುತ್ತಾರೆ. ಕ್ಯಾಮೆರಾಕ್ಕೆ ನೆರಳಿನ ಕೆನ್ನೆ ಕಾಣುತ್ತದೆ, ಮುಖಕ್ಕೆ ಆಳ ಬರುತ್ತದೆ. ನೀನು ಕ್ಯಾಮೆರಾದ ಇನ್ನೊಂದು ಬದಿಗೆ ಕೂತಿದ್ದರಿಂದಲೇ ಮಾನ್ವಿಯ ಅಜ್ಜನ ಮುಖ ರೊಟ್ಟಿಯ ಹಾಗೆ ಚಪ್ಪಟೆ ಕಂಡಿದ್ದು.

ಹಳೆ ಮನೆಗಳಲ್ಲಿ ಒಂದು ತೊಡಕಿದೆ. ಕಿಟಕಿ ಕೆಳಗಿರುತ್ತದೆ, ಮೊಣಕಾಲಿನ ಎತ್ತರಕ್ಕೇ ಶುರು. ಕುರ್ಚಿಯ ಮೇಲೆ ಕೂತವರಿಗೆ ಬೆಳಕು ಗದ್ದದ ಕೆಳಗಿನಿಂದ ಬಡಿಯುತ್ತದೆ, ದೆವ್ವದ ನಾಟಕದ ಹಾಗೆ. ಕಿಟಕಿಯ ಕೆಳಗಿನ ಅರ್ಧಕ್ಕೆ ಕಪ್ಪು ಕಂಬಳಿ ಇಳಿಬಿಡು, ಇಲ್ಲವೇ ಅವರನ್ನು ಫರಸಿಯ ಮೇಲೆ ಚಾಪೆ ಹಾಕಿ ಕೂಡಿಸು. ಸರಿಯಾಯಿತೋ ಇಲ್ಲವೋ ತಿಳಿಯಬೇಕೆಂದರೆ ಕಣ್ಣಪಾಪೆ ನೋಡು. ಕಿಟಕಿಯ ಬಿಳಿ ಚುಕ್ಕೆ ಪಾಪೆಯ ಮೇಲ್ಭಾಗದಲ್ಲಿ ಹೊಳೆಯಬೇಕು.

ಇನ್ನು ಮೊದಲ ದೀಪ. ಸಿನಿಮಾದವರು ಇದಕ್ಕೆ ಫಿಲ್ ಅನ್ನುತ್ತಾರೆ, ನೆರಳಿನ ಕೆನ್ನೆಗೆ ಒಂದಿಷ್ಟು ಜೀವ ಕೊಡುವುದು ಇದರ ಕೆಲಸ. ಬಲ್ಬನ್ನು ಮುಖಕ್ಕೆ ತಿರುಗಿಸಬೇಡ. ಕ್ಯಾಮೆರಾದ ಬಲಗಡೆ, ನಿನಗೆ ಎದುರು ಬದಿಗೆ, ಒಂದು ಥರ್ಮಾಕೋಲ್ ಹಲಗೆ ನಿಲ್ಲಿಸಿ ಬಲ್ಬನ್ನು ಅದರ ಕಡೆ ತಿರುಗಿಸು. ಅದಕ್ಕೆ ಬಡಿದು ಮರಳಿದ ಬೆಳಕಷ್ಟೇ ಮುಖಕ್ಕೆ ಬರಲಿ. ಸತ್ಯಜಿತ್ ರಾಯ್ ಅವರ 1956ರ ‘ಅಪರಾಜಿತೊ’ದಲ್ಲಿ ಸುಬ್ರತ ಮಿತ್ರ ಸ್ಟುಡಿಯೊದಲ್ಲಿ ಕಟ್ಟಿದ ಕಾಶಿಯ ಮನೆಯ ಅಂಗಳಕ್ಕೆ ಮೇಲೆ ಬಿಳಿ ಬಟ್ಟೆ ಬಿಗಿದು, ಅದಕ್ಕೆ ಬೆಳಕು ಬಡಿಸಿ ಹಗಲು ಮಾಡಿದ್ದರು. ನಿನ್ನದು ಅದರ ಬಡವನ ಅವತಾರ. ಬಿಳಿ ಹಲಗೆಯೇ ಯಾಕೆ, ಗೋಡೆಗೇ ಬಡಿಸಬಾರದೇ ಅಂತ ಕೇಳುತ್ತೀ. ನಮ್ಮ ಮನೆಗಳ ಗೋಡೆ ಹಸಿರು ಇಲ್ಲವೇ ನೀಲಿ ಪೇಂಟಿನದು. ಬೆಳಕು ಆ ಬಣ್ಣವನ್ನೂ ಹೊತ್ತು ತರುತ್ತದೆ, ಮಾತಾಡುವವರು ಜಡ್ಡಿನಿಂದ ಎದ್ದವರ ಹಾಗೆ ಕಾಣುತ್ತಾರೆ. ಮೂಗಿಗೆ ಎರಡನೇ ನೆರಳು ಕಂಡರೆ ಬಲ್ಬಿನ ಬೆಳಕು ನೇರವಾಗಿ ಮುಖಕ್ಕೆ ಬೀಳುತ್ತಿದೆ ಅಂತ ತಿಳಿ. ಎರಡೂ ಕೆನ್ನೆ ಸಮ ಕಂಡರೆ ಹಲಗೆಯನ್ನು ಒಂದಡಿ ಹಿಂದೆ ಸರಿಸು.

ಬಲ್ಬಿನ ಡಬ್ಬಿಯ ಮೇಲೆ 6500 ಕೆಲ್ವಿನ್, ಕೂಲ್ ಡೇಲೈಟ್ ಅಂತ ಇರುವುದನ್ನೇ ಎರಡಕ್ಕೂ ಹಾಕು. ಹಳದಿ ಬಲ್ಬು ಕಿಟಕಿಯ ಬೆಳಕಿನ ಜೊತೆ ಸೇರಿದರೆ ಅರ್ಧ ಮುಖಕ್ಕೆ ಅರಿಶಿಣ ಹಚ್ಚಿದಂತಾಗುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ.

ಎರಡನೇ ದೀಪ ಬೆನ್ನ ಹಿಂದಿನದು. ಕಿಟಕಿಗೆ ಮೂಲೆಯಿಂದ ಮೂಲೆಗೆ ಎದುರಾಗಿ, ಹಿಂದೆ ಬಲಕ್ಕೆ, ಅಲಮಾರಿನ ತಲೆಯ ಮೇಲೆ ಏಳು ಅಡಿ ಎತ್ತರಕ್ಕೆ ಇಡು. ಬೆಳಕು ಭುಜಕ್ಕೂ ತಲೆಯ ಅಂಚಿಗೂ ತೆಳ್ಳನೆ ಗೆರೆ ಎಳೆಯಬೇಕು, ಆಗ ಮನುಷ್ಯ ಗೋಡೆಯಿಂದ ಬಿಡಿಸಿಕೊಂಡು ಬರುತ್ತಾನೆ. ಚಿತ್ರವೆಲ್ಲ ಮಜ್ಜಿಗೆ ಸುರಿದಂತೆ ಮಂಕಾದರೆ ಬಲ್ಬು ಲೆನ್ಸಿಗೆ ಬಡಿಯುತ್ತಿದೆ ಅಂತ ಅರ್ಥ, ರಟ್ಟಿನ ತುಂಡು ಅಡ್ಡ ಹಿಡಿ. ಫ್ಯಾನಿನ ರೆಕ್ಕೆ ಆ ಬೆಳಕಿಗೆ ಅಡ್ಡ ಸುತ್ತಿದರೆ ಭುಜ ಮಿಣುಕುತ್ತದೆ. ನಮ್ಮ ಸೆಕೆಗೆ ಫ್ಯಾನ್ ಆರಿಸು ಅಂತ ಯಾರಿಗೆ ಹೇಳುವುದು? ದೀಪವನ್ನೇ ಸರಿಸು.

ಈ ದೀಪದ ವಿಷಯದಲ್ಲಿ ಪುಸ್ತಕದವರು ಹೇಳದ ಮಾತೊಂದಿದೆ. ಅವರು ಇದನ್ನು ಕೂದಲಿನ ದೀಪ ಅನ್ನುತ್ತಾರೆ. ನಮ್ಮ ರೈತರ ತಲೆಯ ಮೇಲೆ ಇರುವುದು ಬಿಳಿ ರುಮಾಲು. ಅದಕ್ಕೆ ಹಿಂದಿನಿಂದ ಬೆಳಕು ಬಿಟ್ಟರೆ ಮಡಿಕೆ ಒಂದೂ ಉಳಿಯದೆ ಬರೀ ಬಿಳಿ ಉಂಡೆ ಆಗುತ್ತದೆ. ಫೋಟೊ ಸ್ಟುಡಿಯೊ ಇಟ್ಟ ಹೊಸದರಲ್ಲಿ ನಾನು ಹಾಗೆ ಎಷ್ಟು ರುಮಾಲು ಸುಟ್ಟಿದ್ದೇನೋ. ದೀಪವನ್ನು ಭುಜದ ಮಟ್ಟಕ್ಕೆ ತಗ್ಗಿಸು, ಅಥವಾ ಮೇಲರ್ಧಕ್ಕೆ ರಟ್ಟು ಕಟ್ಟು. ಸೆರಗು ಹೊದ್ದ ಅಜ್ಜಿಯಾದರೆ ಸೆರಗಿನ ಅಂಚು ಹೊಳೆದರೆ ಸಾಕು.

ದೇವದುರ್ಗದ ಟೀಚರಮ್ಮ ಕನ್ನಡಕ ಹಾಕುತ್ತಾರೆ ಅಂದೆಯಲ್ಲ. ಗಾಜಿನಲ್ಲಿ ಕಿಟಕಿ ಕೂತರೆ ಕಣ್ಣೇ ಕಾಣುವುದಿಲ್ಲ. ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಸ್ವಲ್ಪ ಎತ್ತಿ ಕೂಡಿಸಲು ಹೇಳು, ಗಾಜು ಕೆಳಗೆ ಬಾಗಿ ಹೊಳಪು ಜಾರುತ್ತದೆ. ಅವರ ಮನೆಯ ಕಿಟಕಿ ಯಾವ ದಿಕ್ಕಿಗೆ, ಮೊದಲೇ ಫೋನ್ ಮಾಡಿ ಕೇಳಿಕೋ. ಪೂರ್ವದ ಕಿಟಕಿಯಾದರೆ ಬಿಸಿಲು ಸರಿದ ಮೇಲೆ ಹನ್ನೊಂದರ ನಂತರ ಹೋಗು, ಪಶ್ಚಿಮದ್ದಾದರೆ ಬೆಳಿಗ್ಗೆಯೇ ಮುಗಿಸು. ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಅಂತ ಯೂರೋಪಿನ ಚಿತ್ರಕಾರರ ಲೆಕ್ಕ. ನಾವಿರುವುದು ಹದಿನಾರು ಡಿಗ್ರಿ ಅಕ್ಷಾಂಶದ ಆಸುಪಾಸು. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದ ತನಕ ನಡುಹಗಲಿಗೂ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ, ಬೆಳಿಗ್ಗೆ ಸಂಜೆ ಆ ಕಿಟಕಿಗೆ ಓರೆಯಾಗಿ ಇಣುಕುತ್ತಾನೆ.

ಎಲ್ಲ ಹೊಂದಿಸಿದ ಮೇಲೆ ಫೋನಿನ ಪರದೆಯಲ್ಲಿ ಕೆನ್ನೆಯ ಮೇಲೆ ಬೆರಳೊತ್ತಿ ಹಿಡಿ, ಬೆಳಕಿನ ಲೆಕ್ಕಕ್ಕೆ ಬೀಗ ಬೀಳಲಿ, ಇಲ್ಲದಿದ್ದರೆ ಅವರು ಕೈ ಆಡಿಸಿದಾಗಲೆಲ್ಲ ಚಿತ್ರ ಏರಿಳಿಯುತ್ತದೆ. ಮಿಣುಕಿನ ಪಟ್ಟಿ ಓಡಿದರೆ ಶಟರನ್ನು 1/50ಕ್ಕೆ ಇಡು, ನಮ್ಮ ಕರೆಂಟು 50 ಹರ್ಟ್ಜ್‌ನದು. ಕರೆಂಟು ಹೋದರೆ ನಿಲ್ಲಿಸಬೇಡ. ಧೋತರದ ಒಂದು ಮಡಿಕೆ ಬಿಚ್ಚು, ಥರ್ಮಾಕೋಲನ್ನು ಕೆನ್ನೆಯ ಹತ್ತಿರಕ್ಕೆ ತಂದು ಕಿಟಕಿಯ ಬೆಳಕನ್ನೇ ಮರಳಿಸು, ಭುಜದ ಗೆರೆಯ ಆಸೆ ಬಿಡು. ಧೋತರ ಮಾತ್ರ ಹಳೆಯದು ಒಯ್ಯಿ, ಹೊಸದಕ್ಕೆ ನೀಲಿ ಹಾಕಿರುತ್ತಾರೆ.