ಕಂತು ಕಟ್ಟಿದಷ್ಟು ಸಾಲ ಏಕೆ ಇಳಿಯುವುದಿಲ್ಲ?

ವರ್ಷದಲ್ಲಿ 1.24 ಲಕ್ಷ ಕಟ್ಟಿದರೂ ಸಾಲ 83 ಸಾವಿರ ಮಾತ್ರ ಇಳಿದಿದೆ ಎಂದು ಬರೆದಿದ್ದೀರಿ. ಬ್ಯಾಂಕಿನ ಲೆಕ್ಕ ಸರಿಯಾಗಿದೆ. ಎಕ್ಸೆಲ್‌ನಲ್ಲಿ ನೀವೇ ನೋಡಿ. B1ರಲ್ಲಿ 500000, B2ರಲ್ಲಿ 9%, B3ರಲ್ಲಿ 60 ತಿಂಗಳು ಬರೆಯಿರಿ. A6ರಿಂದ ಕೆಳಗೆ 1ರಿಂದ 60ರವರೆಗೆ ಕಂತಿನ ಸಂಖ್ಯೆ ಇರಲಿ.

```
=PMT($B$2/12,$B$3,-$B$1)
=IPMT($B$2/12,A6,$B$3,-$B$1)
=PPMT($B$2/12,A6,$B$3,-$B$1)
```

PMT ಕೊಡುವುದು ಬದಲಾಗದ ಕಂತು: ₹10,379. IPMT ಆ ತಿಂಗಳ ಬಡ್ಡಿಯನ್ನೂ PPMT ಅಸಲಿಗೆ ಹೋಗುವ ಪಾಲನ್ನೂ ಹೇಳುತ್ತವೆ. ಮೊದಲ ಕಂತಿನಲ್ಲಿ ಬಡ್ಡಿಯೇ ₹3,750, ಅಸಲಿಗೆ ₹6,629. ಕೊನೆಯ ಕಂತಿನಲ್ಲಿ ಬಡ್ಡಿ ಬರೀ ₹77. ಬಡ್ಡಿ ಬೀಳುವುದು ಉಳಿದ ಸಾಲದ ಮೇಲೆ, ಅದಕ್ಕೇ ಮೊದಲ ವರ್ಷ ಅಷ್ಟು ಭಾರ.

ಕಂತು 45 ಸಾವಿರ ದಾಟಿ ಬಂದರೆ 12ರಿಂದ ಭಾಗಿಸುವುದನ್ನು ಮರೆತಿದ್ದೀರಿ ಎಂದರ್ಥ. ಸಾಲದ ಮುಂದಿನ ಮೈನಸ್ ತೆಗೆದರೆ ಉತ್ತರಗಳೆಲ್ಲ ಮೈನಸ್‌ನಲ್ಲಿ ಬರುತ್ತವೆ.

ಬೋನಸ್ ಬಂದಾಗ ಒಂದಿಷ್ಟು ಅಸಲು ಮುಂಚೆಯೇ ಕಟ್ಟುವ ಯೋಚನೆ ಒಳ್ಳೆಯದೇ. ಆದರೆ ಅದು ಈ ಸೂತ್ರಗಳಿಗೆ ತಿಳಿಯುವುದಿಲ್ಲ, ಅವು ಮೂಲ ಸಾಲವನ್ನೇ ಹಿಡಿದು ಲೆಕ್ಕ ಹಾಕುತ್ತವೆ. ಆ ತಿಂಗಳಿಂದ ಉಳಿದ ಸಾಲವನ್ನು B2/12ರಿಂದ ಗುಣಿಸಿ ಬಡ್ಡಿ ತೆಗೆಯಿರಿ, ಕಂತಿನಲ್ಲಿ ಅದನ್ನು ಕಳೆದು ಉಳಿದದ್ದನ್ನು ಅಸಲಿಗೆ ಹಾಕಿ.