ಸ್ವಂತ ಮನೆಯೋ, ಬಾಡಿಗೆ ಮನೆಯೋ: ಕೈಬಿಟ್ಟ ಬಡ್ಡಿಯ ಲೆಕ್ಕ

ಮನೆಯನ್ನು ಕೊಳ್ಳುವುದು ಲೇಸೋ, ಬಾಡಿಗೆಗೆ ಹಿಡಿಯುವುದು ಲೇಸೋ ಎಂಬ ಪ್ರಶ್ನೆ ಎದ್ದಾಗ ಬೆಂಗಳೂರಿನ ಸಂಸಾರಸ್ಥರು ಸಾಮಾನ್ಯವಾಗಿ ಎರಡೇ ಅಂಕಿಗಳನ್ನು ಎದುರುಬದುರು ಇಟ್ಟು ನೋಡುತ್ತಾರೆ. ತಿಂಗಳ ಬಾಡಿಗೆ ಒಂದು, ಸಾಲದ ಮಾಸಿಕ ಕಂತು ಮತ್ತೊಂದು. ಬಾಡಿಗೆಯೆಂದು ಕೊಟ್ಟ ಹಣ ಪರರ ಪಾಲಾಗುತ್ತದೆ, ಕಂತೆಂದು ಕಟ್ಟಿದ ಹಣ ನಮ್ಮದಾಗಿಯೇ ಉಳಿಯುತ್ತದೆ ಎಂಬ ವಾದ ಕೇಳಲು ಹಿತವಾಗಿದ್ದರೂ ಅದು ಅರ್ಧ ಸತ್ಯವೇ ಸರಿ. ಏಕೆಂದರೆ ಕಂತಿನ ಮೊದಮೊದಲ ವರ್ಷಗಳ ಬಹುಭಾಗವು ಬಡ್ಡಿಯ ರೂಪದಲ್ಲಿ ಬ್ಯಾಂಕಿಗೆ ಸಲ್ಲುವುದಲ್ಲದೆ, ಮನೆಯಲ್ಲಿ ತೊಡಗಿಸಿದ ಸ್ವಂತ ಉಳಿತಾಯವು ಬೇರೆಡೆ ಇದ್ದಿದ್ದರೆ ತರುತ್ತಿದ್ದ ಬಡ್ಡಿಯೂ ಸದ್ದಿಲ್ಲದೆ ಕೈಬಿಟ್ಟುಹೋಗುತ್ತದೆ. ಈ ಕೈಬಿಟ್ಟ ಬಡ್ಡಿಯೇ ಯಾವ ರಸೀತಿಯಲ್ಲೂ ಕಾಣಿಸದ ಬಾಡಿಗೆ. ಮುಂಗಡ, ಭೋಗ್ಯ, ಕ್ರಯ ಎಂಬ ಮೂರೂ ವ್ಯವಹಾರಗಳಲ್ಲಿ ಅದು ಅಡಗಿದೆ. ಹಾಗೂ ಹಣವು ಎಷ್ಟು ಹೆಚ್ಚಾಗಿ ಪರಾಧೀನವಾಗುತ್ತದೆಯೋ ಅದರ ರಕ್ಷಣೆಗೆ ಕಾನೂನಿನ ಆಧಾರವೂ ಅಷ್ಟು ಬಲವಾಗಿರಬೇಕಾಗುತ್ತದೆ.

ಬಾಡಿಗೆಯ ಪೂರ್ಣ ವೆಚ್ಚ

ನಗರದ ಒಂದು ಅಪಾರ್ಟ್‌ಮೆಂಟಿನ ಎರಡು ಮಲಗುವ ಕೋಣೆಗಳ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಕ್ರಯ 80 ಲಕ್ಷ ರೂಪಾಯಿ, ತಿಂಗಳ ಬಾಡಿಗೆ 25,000 ರೂಪಾಯಿ ಎಂದು ಭಾವಿಸೋಣ. ಬೆಂಗಳೂರಿನ ರೂಢಿಯಂತೆ ಹತ್ತು ತಿಂಗಳ ಬಾಡಿಗೆಯನ್ನು, ಎಂದರೆ ಎರಡೂವರೆ ಲಕ್ಷವನ್ನು, ಮುಂಗಡವಾಗಿ ಕೊಟ್ಟರೆ, ಬ್ಯಾಂಕಿನ ಠೇವಣಿಗೆ ಶೇಕಡಾ 6.5ರ ಬಡ್ಡಿಯೆಂದು ಹಿಡಿದಾಗ, ವರ್ಷಕ್ಕೆ 16,250 ರೂಪಾಯಿ ಕೈಬಿಟ್ಟಂತಾಯಿತು. ವರ್ಷದ ಬಾಡಿಗೆ ಮೂರು ಲಕ್ಷ. ಸಂಘಕ್ಕೆ ಸಲ್ಲುವ ನಿರ್ವಹಣಾ ಶುಲ್ಕ ತಿಂಗಳಿಗೆ 4,000ದಂತೆ 48,000. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ, ಬಿಡುವಾಗ ಸುಣ್ಣಬಣ್ಣಕ್ಕೆಂದು ಮುರಿದುಕೊಳ್ಳುವ ಮತ್ತೊಂದು ತಿಂಗಳಿನದು, ಸಾಮಾನು ಸಾಗಣೆಗೆ 15,000, ಇವನ್ನೆಲ್ಲ ಮೂರು ವರ್ಷದ ವಾಸಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 21,700. ಒಟ್ಟು ವಾರ್ಷಿಕ ವೆಚ್ಚ 3 ಲಕ್ಷ 86 ಸಾವಿರದಷ್ಟು.

ಇಲ್ಲಿ ಕಾನೂನಿನ ಸ್ಥಿತಿಯನ್ನು ಅರಿತಿರುವುದು ಅವಶ್ಯ. 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸದಾದ್ದರಿಂದ, ಇಂದಿನ ಬಹುತೇಕ ಬಾಡಿಗೆದಾರರಿಗೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮ ಮತ್ತು ತಾವೇ ಸಹಿ ಮಾಡಿದ ಕರಾರುಪತ್ರ ಇವೆರಡೇ ಗತಿ. ವಾಸದ ಮನೆಯ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ಹೇಳುವ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯಿದೆ, ಹೆಸರೇ ಸೂಚಿಸುವಂತೆ, ಒಂದು ಮಾದರಿ ಮಾತ್ರ. ರಾಜ್ಯವು ಅದನ್ನು ತನ್ನ ಶಾಸನವಾಗಿ ಮಾಡಿಕೊಳ್ಳದ ಹೊರತು ಮನೆಯ ಮಾಲೀಕರನ್ನು ಅದು ಕಟ್ಟಿಹಾಕಲಾರದು. ಆದಕಾರಣ ಮುಂಗಡದ ಮೊತ್ತ, ಅದನ್ನು ಮರಳಿಸಬೇಕಾದ ದಿನ, ತಡವಾದರೆ ಸಲ್ಲಬೇಕಾದ ಬಡ್ಡಿ, ಸುಣ್ಣಬಣ್ಣಕ್ಕೆ ಮುರಿದುಕೊಳ್ಳಬಹುದಾದ ಹಣದ ಮಿತಿ, ಈ ನಾಲ್ಕನ್ನೂ ಕರಾರಿನಲ್ಲೇ ಬರೆಸಬೇಕು. ಹಣವನ್ನು ಬ್ಯಾಂಕಿನ ಮೂಲಕವೇ ಸಲ್ಲಿಸಬೇಕು.

ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣವು, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಬಾಡಿಗೆದಾರನಿಗೆ ಎರಡು ಉಪಯುಕ್ತ ಆಧಾರಗಳನ್ನು ಒದಗಿಸುತ್ತದೆ. ದಿನಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂಬುದು ಮೊದಲನೆಯದು. ಮಾಲೀಕನೇ ಮಾಡಿಸಬೇಕಾದ ದುರಸ್ತಿಯನ್ನು ಆತ ತಿಳಿವಳಿಕೆ ಪಡೆದ ಮೇಲೂ ಯುಕ್ತ ಕಾಲದಲ್ಲಿ ಮಾಡಿಸದೆ ಹೋದರೆ ಬಾಡಿಗೆದಾರನೇ ಮಾಡಿಸಿ, ಆ ವೆಚ್ಚವನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂಬುದು ಎರಡನೆಯದು. ಮನೆಗೆ ಸೇರುವ ದಿನವೇ ಗೋಡೆ, ನಲ್ಲಿ, ಬಾಗಿಲುಗಳ ಛಾಯಾಚಿತ್ರ ತೆಗೆದು ಮಾಲೀಕನಿಗೆ ಕಳುಹಿಸಿಟ್ಟರೆ ಯಾವುದು ಸವೆತ, ಯಾವುದು ಹಾನಿ ಎಂಬ ತಗಾದೆ ಬಿಡುವ ದಿನ ಬೆಳೆಯುವುದಿಲ್ಲ. ಮುಂಗಡ ಮರಳದಿದ್ದರೆ ವಕೀಲರ ಮೂಲಕ ನೋಟೀಸು ಕೊಟ್ಟು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕಾಗುತ್ತದೆ. ಅದಕ್ಕಿರುವ ಕಾಲಮಿತಿ ಮೂರು ವರ್ಷ.

ಭೋಗ್ಯವೆಂಬ ನಡುದಾರಿ

ನಗರದಲ್ಲಿ ‘ಲೀಸ್’ ಎಂದೇ ಹೆಸರಾದ ಭೋಗ್ಯದ ಪದ್ಧತಿಯಲ್ಲಿ ಇಡುಗಂಟನ್ನು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ವಾಸವಿದ್ದು, ಅವಧಿ ಮುಗಿದಾಗ ಆ ಹಣವನ್ನು ಹಿಂಪಡೆಯುತ್ತಾರೆ. ಮೇಲಿನ ಮನೆಯನ್ನೇ 20 ಲಕ್ಷಕ್ಕೆ ಭೋಗ್ಯಕ್ಕೆ ಹಿಡಿದರೆ ಕೈಬಿಟ್ಟ ಬಡ್ಡಿ ವರ್ಷಕ್ಕೆ 1 ಲಕ್ಷ 30 ಸಾವಿರ, ಎಂದರೆ ತಿಂಗಳಿಗೆ ಹನ್ನೊಂದು ಸಾವಿರದೊಳಗೆ. ಬಾಡಿಗೆಯ ಅರ್ಧಕ್ಕಿಂತ ಕಡಿಮೆಯಾದ ಈ ವೆಚ್ಚ ಅಗ್ಗವೆಂದು ತೋರುವುದು ಸಹಜವೇ. ಆದರೆ ಉಳಿದದ್ದಕ್ಕೆ ಬದಲಾಗಿ ಬಾಡಿಗೆದಾರನು ಅಪಾಯವನ್ನು ಹೊರುತ್ತಾನೆ. ಮಾಲೀಕ ಆ ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟಿದ್ದು ಸಾಲ ತೀರಿಸದೆ ಹೋದರೆ, 2002ರ ಸರ್ಫೇಸಿ ಕಾಯಿದೆಯನ್ವಯ ಬ್ಯಾಂಕು ಮನೆಯನ್ನು ವಶಪಡಿಸಿಕೊಂಡು ಹರಾಜು ಹಾಕಬಹುದು; ಆಗ ನೋಂದಾಯಿಸದ ಕಾಗದವನ್ನು ಹಿಡಿದು ನಿಂತವನ ಹಕ್ಕು ಬಹಳ ದುರ್ಬಲ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯಾಗಲಿ, ನೂರು ರೂಪಾಯಿಗೆ ಕಡಿಮೆಯಲ್ಲದ ಭೋಗ್ಯ ಅಡಮಾನವಾಗಲಿ ನೋಂದಣಿಯಾಗಲೇಬೇಕೆಂದು ಶಾಸನವು ವಿಧಿಸುತ್ತದೆ. ಹನ್ನೊಂದು ತಿಂಗಳ ಕರಾರಿನ ಮೇಲೆ ಇಪ್ಪತ್ತು ಲಕ್ಷ ಕೊಡುವುದು ವಿವೇಕವಲ್ಲ. ಋಣಭಾರ ಪತ್ರವನ್ನು ತೆಗೆಸಿ, ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಬೇಕು. ಜೆರಾಕ್ಸ್ ಪ್ರತಿಯನ್ನಷ್ಟೇ ತೋರಿಸಿ ಮೂಲಪತ್ರಕ್ಕೆ ನೆಪ ಹೇಳುವ ಮಾಲೀಕನ ಮನೆ ಅಡವಿನಲ್ಲಿರಬಹುದೆಂದು ಶಂಕಿಸುವುದೇ ಲೇಸು.

ಕ್ರಯದ ಪೂರ್ಣ ವೆಚ್ಚ

ಇನ್ನು ಅದೇ ಮನೆಯನ್ನು ಕೊಂಡರೆ ಏನು? ಕರ್ನಾಟಕದಲ್ಲಿ 45 ಲಕ್ಷಕ್ಕೆ ಮೀರಿದ ಸ್ವತ್ತಿಗೆ ಮುದ್ರಾಂಕ ಶುಲ್ಕ ಶೇಕಡಾ 5. ನಗರ ಪ್ರದೇಶದಲ್ಲಿ ಅದರ ಮೇಲೆ ಬೀಳುವ ಸೆಸ್ ಮತ್ತು ಸರ್ಚಾರ್ಜುಗಳನ್ನು ಸೇರಿಸಿದರೆ ಶೇಕಡಾ 5.6, 2025ರ ಆಗಸ್ಟ್ ಅಂತ್ಯದಿಂದ ಇಮ್ಮಡಿಯಾದ ನೋಂದಣಿ ಶುಲ್ಕ ಶೇಕಡಾ 2. ಹೀಗೆ 80 ಲಕ್ಷದ ಮನೆಗೆ 6 ಲಕ್ಷ 8 ಸಾವಿರ ರೂಪಾಯಿ ಉಪನೋಂದಣಿ ಕಚೇರಿಯಲ್ಲೇ ಕರಗುತ್ತದೆ. ಕ್ರಯದ ಹಣ ಮತ್ತು ಸರ್ಕಾರದ ಮಾರ್ಗಸೂಚಿ ಮೌಲ್ಯ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಈ ಲೆಕ್ಕ ನಡೆಯುತ್ತದೆಂಬುದನ್ನು ಮರೆಯಬಾರದು. ಕಟ್ಟಡ ಪೂರ್ಣಗೊಳ್ಳುವ ಮುನ್ನ ಬಿಲ್ಡರಿಂದ ಕೊಂಡರೆ, ಇಂಥ ಬೆಲೆಯ ಮನೆಗೆ ಶೇಕಡಾ 5ರ ಜಿಎಸ್‌ಟಿ ಬೇರೆ.

ಶೇಕಡಾ 8.5ರ ಬಡ್ಡಿಗೆ 20 ವರ್ಷದ ಅವಧಿಗೆ 60 ಲಕ್ಷ ಸಾಲ ಪಡೆದರೆ ಮಾಸಿಕ ಕಂತು ಸುಮಾರು 52,070 ರೂಪಾಯಿ. ಮೊದಲ ವರ್ಷ ಕಟ್ಟುವ 6 ಲಕ್ಷ 25 ಸಾವಿರದಲ್ಲಿ 5 ಲಕ್ಷ 5 ಸಾವಿರ ಬಡ್ಡಿಗೇ ಹೋಗಿ, ಅಸಲಿಗೆ ಸಲ್ಲುವುದು 1 ಲಕ್ಷ 20 ಸಾವಿರದಷ್ಟು ಮಾತ್ರ. ಹತ್ತು ವರ್ಷ ತಪ್ಪದೆ ಕಟ್ಟಿದ ಮೇಲೂ ಇನ್ನೂ 42 ಲಕ್ಷ ಬಾಕಿ ಉಳಿದಿರುತ್ತದೆ. ತನ್ನ ಕೈಯಿಂದ ಹಾಕಿದ 20 ಲಕ್ಷ ಮತ್ತು ನೋಂದಣಿಯ ವೆಚ್ಚ ಸೇರಿ 26 ಲಕ್ಷ 8 ಸಾವಿರಕ್ಕೆ ಕೈಬಿಟ್ಟ ಬಡ್ಡಿ 1 ಲಕ್ಷ 70 ಸಾವಿರ. ಸಂಘದ ಶುಲ್ಕ 48,000, ಆಸ್ತಿ ತೆರಿಗೆ 12,000, ದುರಸ್ತಿ ಬಣ್ಣಗಳಿಗೆ ತೆಗೆದಿಡಬೇಕಾದ 30,000, ಒಟ್ಟು 90,000. ನೋಂದಣಿಯ ವೆಚ್ಚವನ್ನು ಹತ್ತು ವರ್ಷಕ್ಕೆ ಹಂಚಿದರೆ 61,000. ಅಸಲು ನಮ್ಮ ಉಳಿತಾಯವಾದ್ದರಿಂದ ಅದನ್ನು ಬಿಟ್ಟೇ ಕೂಡಿದರೂ ವರ್ಷದ ವೆಚ್ಚ 8 ಲಕ್ಷ 26 ಸಾವಿರವಾಗುತ್ತದೆ.

ಬಾಡಿಗೆಗೂ ಕ್ರಯಕ್ಕೂ ಇರುವ ವಾರ್ಷಿಕ ಅಂತರ ಹೀಗೆ 4 ಲಕ್ಷ 40 ಸಾವಿರ. ಇದು 80 ಲಕ್ಷದ ಶೇಕಡಾ 5.5. ಎಂದರೆ ಮನೆಯ ಬೆಲೆ ಮೊದಲ ವರ್ಷದಲ್ಲಿ ಅಷ್ಟು ಏರಿದರೆ ಮಾತ್ರ ಎರಡೂ ಸಮ. ಮೂರೇ ವರ್ಷದಲ್ಲಿ ವರ್ಗವಾಗಿ ಮನೆಯನ್ನು ಮಾರಬೇಕಾಗಿ ಬಂದಲ್ಲಿ, ನೋಂದಣಿಯ ವೆಚ್ಚವೂ ಮೂರೇ ವರ್ಷಕ್ಕೆ ಹಂಚಿಹೋಗುವುದರಿಂದ, ಆ ಏರಿಕೆ ವರ್ಷಕ್ಕೆ ಶೇಕಡಾ 7ನ್ನೂ ದಾಟಬೇಕಾಗುತ್ತದೆ. ಇದಕ್ಕೆ ಪ್ರತಿಯಾಗಿ, ಬಾಡಿಗೆಯೂ ಉಳಿದ ಖರ್ಚುಗಳೂ ವರ್ಷಕ್ಕೆ ಶೇಕಡಾ 5ರಂತೆ ಏರುತ್ತ ಹೋಗಿ ಸಾಲದ ಬಡ್ಡಿ ಇಳಿಯುತ್ತ ಬಂದರೆ, ಮನೆಯಲ್ಲಿ ಸೇರುತ್ತ ಹೋದ ಅಸಲಿನ ಕೈಬಿಟ್ಟ ಬಡ್ಡಿಯನ್ನೂ ಗಣಿಸಿದ ಮೇಲೆ, ಹತ್ತನೆಯ ವರ್ಷಕ್ಕೆ ಅಂತರವು ಎರಡೂವರೆ ಲಕ್ಷದ ಆಸುಪಾಸಿಗೆ ಇಳಿಯುತ್ತದೆ. ಕಾಲ ದೀರ್ಘವಾದಷ್ಟೂ ಸ್ವಂತ ಮನೆಯ ಪಕ್ಷ ಬಲಗೊಳ್ಳುತ್ತದೆ. ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿಯಿದ್ದು, ಹೊಸ ಪದ್ಧತಿಯಲ್ಲಿ ಅದಿಲ್ಲ; ತಮ್ಮ ಪದ್ಧತಿ ಯಾವುದೆಂದು ನೋಡಿ ಲೆಕ್ಕವನ್ನು ತಿದ್ದಿಕೊಳ್ಳಬೇಕು.

ಕೊಳ್ಳುವವನ ಹಣಕ್ಕೆ ಕಾನೂನಿನ ಕಾವಲು

ಕ್ರಯದ ಕರಾರುಪತ್ರವು ತನ್ನಷ್ಟಕ್ಕೆ ತಾನೇ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಉಂಟುಮಾಡುವುದಿಲ್ಲ. ಒಡೆತನ ಬರುವುದು ನೋಂದಾಯಿತ ಕ್ರಯಪತ್ರದಿಂದ. ಆದ್ದರಿಂದ ಮುಂಗಡ ಕೊಡುವ ಮುನ್ನವೇ ಋಣಭಾರ ಪತ್ರ, ಖಾತೆ, ಮೂಲಪತ್ರಗಳನ್ನು ವಕೀಲರಿಂದ ಪರಿಶೀಲಿಸಿಕೊಳ್ಳಬೇಕು. ಬ್ಯಾಂಕು ಸಾಲ ನಿರಾಕರಿಸಿದರೆ ಮುಂಗಡ ಮರಳಬೇಕೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸಬೇಕು. ಬಿಲ್ಡರಿಂದ ಕೊಳ್ಳುವವರಿಗೆ 2016ರ ರೇರಾ ಕಾಯಿದೆಯ ಆಶ್ರಯವಿದೆ: ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣವನ್ನು ಬಿಲ್ಡರು ಪಡೆಯುವಂತಿಲ್ಲ; ಹೇಳಿದ ಕಾಲಕ್ಕೆ ಮನೆ ಕೊಡದಿದ್ದರೆ ಹಣವನ್ನು ಬಡ್ಡಿಸಮೇತ ಹಿಂಪಡೆಯಬಹುದು, ಇಲ್ಲವೆ ಮನೆಗಾಗಿ ಕಾಯುತ್ತಲೇ ವಿಳಂಬದ ಪ್ರತಿ ತಿಂಗಳಿಗೂ ಬಡ್ಡಿ ಪಡೆಯಬಹುದು; ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಾಣಿಸಿಕೊಂಡು ಗಮನಕ್ಕೆ ತಂದ ರಚನಾದೋಷವನ್ನು ಮೂವತ್ತು ದಿನದೊಳಗೆ ಬಿಲ್ಡರು ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ದೂರು ಕೊಡಬಹುದು.

ಈ ಲೆಕ್ಕವನ್ನು ಓದುಗರು ತಮ್ಮ ಮನೆಯ ಬೆಲೆ, ಬಾಡಿಗೆ, ಬಡ್ಡಿದರಗಳನ್ನಿಟ್ಟು ಒಮ್ಮೆ ತಾವೇ ಮಾಡಿನೋಡುವುದು ಒಳಿತು. ಐದು ವರ್ಷದೊಳಗೆ ಊರು ಬಿಡುವ ಸಂಭವವಿರುವವರಿಗೆ ಬಾಡಿಗೆಯೇ ಲಾಭ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೆಡೆ ನಿಲ್ಲುವವರು, ಕಂತು ಕಟ್ಟಿದ ಮೇಲೂ ಸಂಸಾರಕ್ಕೆ ಸಾಕಷ್ಟು ಉಳಿಯುವುದಾದರೆ, ಕೊಳ್ಳುವ ಯೋಚನೆ ಮಾಡಬಹುದು. ಆದರೆ ಬಾಡಿಗೆಗೆ ಹಿಡಿಯುವವರು, ಭೋಗ್ಯಕ್ಕೆ ಹಿಡಿಯುವವರು, ಕೊಳ್ಳುವವರು ಈ ಮೂವರಲ್ಲಿ ಯಾರೇ ಆಗಲಿ, ದೊಡ್ಡ ಮೊತ್ತವನ್ನು ನೋಂದಣಿಯಿಲ್ಲದ ಕಾಗದದ ಮೇಲೆ ಒಪ್ಪಿಸಬಾರದು.